ಅಯಸ್ಕಾಂತಕ್ಕೆ ಕೊಟ್ಟ ದುಡ್ಡು ಬ್ಯಾಟರಿಯಲ್ಲಿ ವಾಪಸ್

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರುಗಳ ತೋಟದಲ್ಲಿ ಕೊಳವೆಬಾವಿಯಿಂದ ನೀರೆತ್ತುವ ತ್ರೀ ಫೇಸ್ ಮೋಟರ್‌ಗೂ ಬೆಂಗಳೂರಿನ ಮೊದಮೊದಲ ವಿದ್ಯುತ್ ಕಾರುಗಳಿಗೂ ಒಂದು ನಂಟಿದೆ. 2007ರ ರೇವಾ-ಐ, 2013ರಲ್ಲಿ ಬಂದ ಮಹೀಂದ್ರಾ ಇ2ಒ, ಎರಡರಲ್ಲೂ ಇದ್ದದ್ದು ಅದೇ ಜಾತಿಯ ಇಂಡಕ್ಷನ್ ಮೋಟರ್. ಈಗ ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಇನ್ನೋವಾ ಹೈಕ್ರಾಸ್‌ನಲ್ಲಿ, ಮಹೀಂದ್ರಾದ್ದೇ ಬಿಇ 6ರಲ್ಲಿ ಅಯಸ್ಕಾಂತದ ಮೋಟರ್ ಕೂತಿದೆ. ಅಗ್ಗದ್ದನ್ನು ಬಿಟ್ಟು ದುಬಾರಿಯದರ ಕಡೆಗೆ ಹೊರಳಿದ್ದೇಕೆ?

ಉತ್ತರ ಇರುವುದು ತಿರುಗುವ ಭಾಗದಲ್ಲಿ, ಅಂದರೆ ರೋಟರ್‌ನಲ್ಲಿ. ಇಂಡಕ್ಷನ್ ಮೋಟರ್‌ನ ರೋಟರ್‌ಗೆ ಸ್ವಂತ ಕಾಂತಶಕ್ತಿ ಇಲ್ಲ. ಹೊರಗಿನ ಸುರುಳಿಗಳ ಕಾಂತಕ್ಷೇತ್ರ ಅದರ ತಾಮ್ರ ಅಥವಾ ಅಲ್ಯೂಮಿನಿಯಂ ಸರಳುಗಳಲ್ಲಿ ಕರೆಂಟ್ ಹುಟ್ಟಿಸಬೇಕು, ಆಮೇಲೆಯೇ ಅದು ತಿರುಗುತ್ತದೆ. ಆ ಕರೆಂಟ್‌ನ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಅಯಸ್ಕಾಂತ ಕೂರಿಸಿದ ರೋಟರ್‌ಗೆ ಈ ಖರ್ಚಿಲ್ಲ. ನಿಂತು ನಿಂತು ಸಾಗುವ ಪೇಟೆ ಓಡಾಟದಲ್ಲಿ ಈ ಉಳಿತಾಯ ಚೆನ್ನಾಗಿ ಕಾಣುತ್ತದೆ.

ಲೆಕ್ಕ ಹಾಕಿ ನೋಡಬಹುದು. ಚಕ್ರಕ್ಕೆ ಕಿಲೋಮೀಟರಿಗೆ 100 ವ್ಯಾಟ್-ಅವರ್ ಬೇಕು, ಅಯಸ್ಕಾಂತದ ಮೋಟರ್ ಸರಾಸರಿ ಶೇ 94ರಷ್ಟು, ಇಂಡಕ್ಷನ್ ಶೇ 89ರಷ್ಟು ದಕ್ಷ ಎಂದಿಟ್ಟುಕೊಳ್ಳೋಣ. 300 ಕಿ.ಮೀ. ಓಡಲು ಮೊದಲನೆಯದಕ್ಕೆ ಸುಮಾರು 31.9 ಯೂನಿಟ್, ಎರಡನೆಯದಕ್ಕೆ 33.7 ಯೂನಿಟ್ ಬೇಕು. ಬ್ಯಾಟರಿಗೆ ಯೂನಿಟ್ಟಿಗೆ 10,000 ರೂಪಾಯಿ ಎಂದು ಹಿಡಿದರೆ, ಆ 1.8 ಯೂನಿಟ್ಟಿನ ಹೆಚ್ಚುವರಿ ಬ್ಯಾಟರಿಗೇ 18,000 ರೂಪಾಯಿ. ಕಾರಿನ ಮೋಟರ್‌ಗೆ ಒಂದೂವರೆ ಕಿಲೋ ಅಯಸ್ಕಾಂತ ಬೇಕೆಂದರೆ, ಅದರ ಬೆಲೆ ಕಿಲೋಗೆ 12,000 ರೂಪಾಯಿ ದಾಟುವ ತನಕ ದುಬಾರಿ ಮೋಟರೇ ಒಟ್ಟಿನಲ್ಲಿ ಅಗ್ಗ. ರೇವಾದಂಥ ಪುಟ್ಟ ಬ್ಯಾಟರಿಯ ಕಾರಿನಲ್ಲಿ ಈ ಉಳಿತಾಯವೂ ಪುಟ್ಟದು.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಹೆಚ್ಚಿದಾಗ ಚಿತ್ರ ಬದಲಾಗುತ್ತದೆ. ಅಯಸ್ಕಾಂತವನ್ನು ಸ್ವಿಚ್ ಒತ್ತಿ ಆರಿಸಲಾಗದು. ಅತಿ ವೇಗದಲ್ಲಿ ಅದರ ಬಲವನ್ನು ತಗ್ಗಿಸಲೆಂದೇ ಬೇರೆ ಕರೆಂಟ್ ಹರಿಸಬೇಕು, ಸುಮ್ಮನೆ ಉರುಳುವಾಗಲೂ ಅದು ಒಂದಿಷ್ಟು ಎಳೆಯುತ್ತದೆ. ಇಂಡಕ್ಷನ್ ಮೋಟರ್ ಹಾಗಲ್ಲ, ಕರೆಂಟ್ ನಿಲ್ಲಿಸಿದರೆ ಹಗುರಾಗಿ ಸುತ್ತುತ್ತಿರುತ್ತದೆ. ಅದಕ್ಕೇ ಟೆಸ್ಲಾ ತನ್ನ ಎರಡು ಮೋಟರ್‌ಗಳ ಮಾಡೆಲ್ 3ರಲ್ಲಿ ಹಿಂದೆ ಅಯಸ್ಕಾಂತದ್ದನ್ನೂ ಮುಂದೆ ಇಂಡಕ್ಷನ್ನನ್ನೂ ಇಟ್ಟಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಬಲು ಜಾಣ ಹೊಂದಾಣಿಕೆ.

ಅಯಸ್ಕಾಂತಕ್ಕೆ ಶಾಖವೂ ಶತ್ರು. ವಿಪರೀತ ಕಾದರೆ ನಿಯೋಡಿಮಿಯಮ್ ಅಯಸ್ಕಾಂತ ತನ್ನ ಬಲವನ್ನು ಕಾಯಂ ಕಳೆದುಕೊಳ್ಳುತ್ತದೆ. ತಣ್ಣಗಾದ ಮೇಲೂ ಕಾರು ಮೊದಲಿನಂತೆ ಎಳೆಯುವುದಿಲ್ಲ. ಇದನ್ನು ತಡೆಯಲು ಡಿಸ್ಪ್ರೋಸಿಯಮ್ ಬೆರೆಸುತ್ತಾರೆ.

ಮೇಲಿನ ಲೆಕ್ಕ ತಲೆಕೆಳಗಾಗುವುದು ಇಲ್ಲೇ. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಮ್ ಸೇರಿ ಏಳು ವಿರಳ ಭೂ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪರವಾನಗಿ ಸಿಗದಿದ್ದರೆ ಕಿಲೋಗೆ ಎಷ್ಟು ಕೊಡುತ್ತೇವೆಂದರೂ ಅಯಸ್ಕಾಂತ ಬರುವುದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಂಪುಟ, ವರ್ಷಕ್ಕೆ 6,000 ಟನ್ ಅಯಸ್ಕಾಂತವನ್ನು ದೇಶದಲ್ಲೇ ತಯಾರಿಸುವ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.