ಲ್ಯಾಪ್‌ಟಾಪಿನಿಂದ ಹೋದ ಮೇಲ್ ಸರ್ವರಿನಿಂದ ಏಕೆ ಹೊರಡದು?

ಸಣ್ಣ ಸಹಕಾರ ಸಂಘವೊಂದಕ್ಕೆ ಇಬ್ಬರು ಗೆಳೆಯರು ವೆಬ್‌ಸೈಟ್ ಮಾಡಿಕೊಡುತ್ತಿದ್ದಾರೆ ಎಂದುಕೊಳ್ಳೋಣ. ಸದಸ್ಯರು ಹೆಸರು ನೋಂದಾಯಿಸಿದರೆ ಅವರಿಗೊಂದು ಇಮೇಲ್ ಹೋಗಬೇಕು, ಅದರಲ್ಲಿರುವ ಕೊಂಡಿ ಒತ್ತಿದ ಮೇಲೆ ಖಾತೆ ಚಾಲ್ತಿಗೆ ಬರಬೇಕು. ಪೈಥಾನ್ ಭಾಷೆಯ ಜ್ಯಾಂಗೊ ಬಳಸಿ ಬರೆದ ಈ ತಂತ್ರಾಂಶ ಅವರ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ನಡೆಯುತ್ತದೆ. ಜಿಮೇಲ್ ಖಾತೆಯ ಮೂಲಕ ಹೋಗುವ ಮೇಲ್ ಕ್ಷಣದಲ್ಲಿ ತಲುಪುತ್ತದೆ. ಅದನ್ನೇ ಡಿಜಿಟಲ್‌ಓಷನ್ ಕಂಪನಿಯ ಬೆಂಗಳೂರು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಪಡೆದ ಸರ್ವರಿಗೆ ಏರಿಸಿದ ದಿನ ತೊಂದರೆ ಶುರುವಾಗುತ್ತದೆ. ನೋಂದಣಿಯ ಗುಂಡಿ ಒತ್ತಿದರೆ ಪುಟ ಅರ್ಧ ನಿಮಿಷ ಸುತ್ತುತ್ತಲೇ ಇದ್ದು, ಕೊನೆಗೆ `502 Bad Gateway` ಎನ್ನುತ್ತದೆ. ಮತ್ತೆ ಪ್ರಯತ್ನಿಸಿದರೆ ‘ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ’ ಎಂಬ ಉತ್ತರ!

ಪಾಸ್‌ವರ್ಡ್ ತಪ್ಪಿರಬೇಕೆಂದು ಒಬ್ಬ ಬದಲಾಯಿಸುತ್ತಾನೆ. ಸರ್ವರಿನ ಫೈರ್‌ವಾಲ್ ಅಡ್ಡ ಬಂದಿರಬೇಕೆಂದು ಇನ್ನೊಬ್ಬ ಅದನ್ನೇ ಆರಿಸುತ್ತಾನೆ. ಯಾವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ದೋಷ ಅವರ ಕೋಡಿನಲ್ಲೂ ಇಲ್ಲ, ಸರ್ವರಿನಲ್ಲೂ ಇಲ್ಲ. ಮೇಲ್ ಹೋಗಬೇಕಾದ ದಾರಿಯನ್ನು ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯೇ ತನ್ನ ಜಾಲದಲ್ಲಿ ಮುಚ್ಚಿದೆ.

ಕಂಪ್ಯೂಟರುಗಳು ಪರಸ್ಪರ ಮಾತಾಡುವಾಗ ಪ್ರತಿ ಸೇವೆಗೂ ಒಂದೊಂದು ಪೋರ್ಟ್ ಸಂಖ್ಯೆ ಇರುತ್ತದೆ. ಸುರಕ್ಷಿತ ವೆಬ್ ಪುಟಗಳಿಗೆ 443. ಮೇಲ್ ಕಳಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಅದಕ್ಕೆ ಸಿಕ್ಕ ಸಂಖ್ಯೆ 25. ಇಂದಿಗೂ ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಪತ್ರ ದಾಟಿಸುವುದು ಅದೇ 25ರಲ್ಲಿ. ಬಳಕೆದಾರನೊಬ್ಬ ಹೆಸರು, ಪಾಸ್‌ವರ್ಡ್ ಕೊಟ್ಟು ತನ್ನ ಮೇಲ್ ಸೇವೆಗೆ ಪತ್ರ ಒಪ್ಪಿಸಲು 1998ರಲ್ಲಿ 587 ಬಂತು. ಅದೇ ಕೆಲಸಕ್ಕೆ 465 ಕೂಡ ಬಳಕೆಯಲ್ಲಿದೆ. ನಮ್ಮ ಗೆಳೆಯರ ತಂತ್ರಾಂಶ 587ರಲ್ಲಿ ಜಿಮೇಲನ್ನು ಕರೆಯುತ್ತಿತ್ತು. ಡಿಜಿಟಲ್‌ಓಷನ್ ತನ್ನ ಸರ್ವರುಗಳಲ್ಲಿ 25, 465, 587 ಮೂರನ್ನೂ ತಡೆದಿರುತ್ತದೆ. ಮನೆಯ ಇಂಟರ್ನೆಟ್ಟಿನಲ್ಲಿ 587ಕ್ಕೆ ತಡೆಯಿರಲಿಲ್ಲ, ಹಾಗಾಗಿ ಲ್ಯಾಪ್‌ಟಾಪಿನಿಂದ ಮೇಲ್ ಹೋಗುತ್ತಿತ್ತು.

ಈ ತಡೆಯನ್ನು ಪತ್ತೆಹಚ್ಚುವುದು ಕಷ್ಟವಾಗುವುದಕ್ಕೆ ಕಾರಣ ಅದರ ಮೌನ. ಬೇಡವಾದ ಸಂಪರ್ಕವನ್ನು ‘ಆಗದು’ ಎಂದು ತಿರಸ್ಕರಿಸಿದರೆ `Connection refused` ಎಂದು ತಕ್ಷಣ ತಿಳಿಯುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ಜಿಮೇಲ್ 535 ಎಂಬ ಸಂಖ್ಯೆಯೊಂದಿಗೆ ಉತ್ತರ ಕೊಡುತ್ತದೆ. ಇಲ್ಲಿ ಹಾಗಲ್ಲ. ಹೊರಟ ಮೊದಲ ಪ್ಯಾಕೆಟ್ಟನ್ನೇ ಕಂಪನಿಯ ಜಾಲ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎತ್ತದ ಫೋನಿಗೆ ಮತ್ತೆ ಮತ್ತೆ ಕರೆ ಮಾಡಿದಂತೆ ಸರ್ವರ್ ಪ್ರಯತ್ನಿಸುತ್ತಲೇ ಇರುತ್ತದೆ. ಲಿನಕ್ಸ್ ತನ್ನ ಸಾಮಾನ್ಯ ಹೊಂದಿಕೆಯಲ್ಲಿ ಎರಡು ನಿಮಿಷಕ್ಕೂ ತುಸು ಹೆಚ್ಚು ಕಾದು, ಆಮೇಲಷ್ಟೇ `Connection timed out` ಎಂದು ಕೈಚೆಲ್ಲುತ್ತದೆ.

ಆದರೆ ಗೆಳೆಯರಿಗೆ ಆ ಸಂದೇಶವೂ ಕಾಣಲಿಲ್ಲ. ಜ್ಯಾಂಗೊ ಮೇಲ್ ಕಳಿಸುವಾಗ ತಾನಾಗಿ ಯಾವ ಗಡುವನ್ನೂ ಹಾಕಿಕೊಳ್ಳುವುದಿಲ್ಲ. ಅದನ್ನು ಓಡಿಸುವ ಗುನಿಕಾರ್ನ್ ಮಾತ್ರ 30 ಸೆಕೆಂಡು ನೋಡಿ, ಕೆಲಸಗಾರ ಪ್ರಕ್ರಿಯೆ ಸ್ತಬ್ಧವಾಗಿದೆ ಎಂದು ತಿಳಿದು ಅದನ್ನು ಕೊಂದುಬಿಡುತ್ತದೆ. ಮುಂದೆ ನಿಂತ ಎಂಜಿನ್‌ಎಕ್ಸ್ ಬಳಕೆದಾರನಿಗೆ 502 ತೋರಿಸುತ್ತದೆ. ಸದಸ್ಯನ ಹೆಸರು ಅಷ್ಟರಲ್ಲಾಗಲೇ ಡೇಟಾಬೇಸಿಗೆ ಸೇರಿರುತ್ತದೆ. ಎರಡನೇ ಬಾರಿ ‘ಈಗಾಗಲೇ ನೋಂದಣಿಯಾಗಿದೆ’ ಎಂದದ್ದು ಅದಕ್ಕೇ. ಗುನಿಕಾರ್ನ್ ಲಾಗಿನಲ್ಲಿ `WORKER TIMEOUT` ಎಂಬ ಸಾಲು ಕಂಡರೆ, ಮೇಲ್ ಕಳಿಸುವ ಹಂತವನ್ನು ಮೊದಲು ಶಂಕಿಸುವುದು ಒಳ್ಳೆಯದು.

ಶಂಕೆ ನಿಜವೋ ಅಲ್ಲವೋ ತಿಳಿಯಲು ಕೋಡ್ ಮುಟ್ಟಬೇಕಿಲ್ಲ. ಸರ್ವರಿಗೆ ಲಾಗಿನ್ ಆಗಿ ಎರಡು ಸಾಲು ಓಡಿಸಿದರೆ ಸಾಕು:

```
nc -vz -w 5 google.com 443
nc -vz -w 5 smtp.gmail.com 587
```

ಮೊದಲನೆಯದಕ್ಕೆ `succeeded!` ಎಂದು ಬಂದು, ಎರಡನೆಯದು ಐದು ಸೆಕೆಂಡು ಕಾದು `timed out` ಎಂದರೆ ಇಂಟರ್ನೆಟ್ ಸರಿಯಿದೆ, ಮೇಲ್ ದಾರಿ ಮಾತ್ರ ಮುಚ್ಚಿದೆ ಎಂದರ್ಥ. ಅದೇ ಎರಡನೇ ಸಾಲನ್ನು ಲ್ಯಾಪ್‌ಟಾಪಿನಿಂದ ಓಡಿಸಿ, ಅಲ್ಲಿ ಸಂಪರ್ಕ ಸಿಕ್ಕಿದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಸರ್ವರಿನಲ್ಲಿ ತಾವೇ ಹಾಕಿಕೊಂಡ ಫೈರ್‌ವಾಲ್ ನಿಯಮ ಹೊರಹೋಗುವ ಸಂಪರ್ಕವನ್ನು ತಡೆಯುತ್ತಿಲ್ಲ ಎಂಬುದನ್ನಷ್ಟೇ ಖಚಿತಪಡಿಸಿಕೊಳ್ಳಬೇಕು.

ಇದಕ್ಕಿಂತ ಕೆಟ್ಟ ಸ್ಥಿತಿಯೂ ಇದೆ. ಕೆಲವು ತಂತ್ರಾಂಶಗಳು ಪತ್ರವನ್ನು ಅದೇ ಸರ್ವರಿನಲ್ಲಿರುವ ಪೋಸ್ಟ್‌ಫಿಕ್ಸ್‌ಗೆ ಒಪ್ಪಿಸುತ್ತವೆ. ಪೋಸ್ಟ್‌ಫಿಕ್ಸ್ ಸಂತೋಷದಿಂದ ತೆಗೆದುಕೊಳ್ಳುತ್ತದೆ, ವೆಬ್‌ಸೈಟ್ ‘ಮೇಲ್ ಕಳಿಸಲಾಗಿದೆ’ ಎನ್ನುತ್ತದೆ. ಆದರೆ ಪೋರ್ಟ್ 25 ಮುಚ್ಚಿರುವುದರಿಂದ ಪತ್ರ ಸರತಿಯಲ್ಲೇ ಕೂತಿರುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಐದು ದಿನ ಪ್ರಯತ್ನಿಸಿದ ಮೇಲೆ ಅದು ಹಿಂದಿರುಗುತ್ತದೆ. `mailq` ಎಂದು ಬೆರಳಚ್ಚಿಸಿ ನೋಡುವವರೆಗೆ ಯಾರಿಗೂ ಸುಳಿವಿರುವುದಿಲ್ಲ.

ಕಂಪನಿಗಳು ಹೀಗೇಕೆ ಮಾಡುತ್ತವೆ? ಕೆಲವೇ ನಿಮಿಷಗಳಲ್ಲಿ ಸಿಗುವ ಅಗ್ಗದ ಸರ್ವರ್ ಸ್ಪ್ಯಾಮ್ ಹರಡುವವರಿಗೆ ಹೇಳಿಮಾಡಿಸಿದ ಸಾಧನ. ಕದ್ದ ಕಾರ್ಡಿನಲ್ಲಿ ಖಾತೆ ತೆರೆದು, ಸಾವಿರಾರು ಮೇಲ್ ಸುರಿದು ಅವರು ಮಾಯವಾಗುತ್ತಾರೆ. ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಆ ಐಪಿ ವಿಳಾಸವನ್ನು, ಕೆಲವೊಮ್ಮೆ ಅಕ್ಕಪಕ್ಕದ ಇಡೀ ಸಾಲನ್ನೇ, ಕಪ್ಪುಪಟ್ಟಿಗೆ ಸೇರಿಸುತ್ತವೆ. ನಾಳೆ ಅದೇ ವಿಳಾಸ ಪಡೆಯುವ ಅಮಾಯಕ ಗ್ರಾಹಕನ ಮೇಲ್ ಎಲ್ಲೂ ತಲುಪುವುದಿಲ್ಲ. ಆದ್ದರಿಂದ ಈ ತಡೆ ಗ್ರಾಹಕನಿಗೆ ಕಿರಿಕಿರಿಯಾದರೂ ನ್ಯಾಯವಾದದ್ದೇ. ಅದನ್ನು ಸರ್ವರ್ ಕೊಡುವ ದಿನವೇ ಎದ್ದು ಕಾಣುವಂತೆ ತಿಳಿಸದಿರುವುದು ಮಾತ್ರ ನ್ಯಾಯವಲ್ಲ.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ಅಮೆಜಾನಿನ ಇಸಿ2 ಸರ್ವರುಗಳಲ್ಲಿ ತಡೆಯಿರುವುದು 25ಕ್ಕೆ, ಕಾರಣ ಕೊಟ್ಟು ಅರ್ಜಿ ಹಾಕಿ ತೆರೆಸಿಕೊಳ್ಳಬಹುದು. ಗೂಗಲ್ ಕ್ಲೌಡಿನಲ್ಲಿ 587 ಮುಕ್ತ. ಜರ್ಮನಿಯ ಹೆಟ್ಸ್‌ನರ್ 25, 465ನ್ನು ತಡೆದು 587ನ್ನು ಬಿಟ್ಟಿದೆ.

ಆದರೆ 25ನ್ನು ತೆರೆಸಿಕೊಂಡು ಸ್ವಂತ ಮೇಲ್ ಸರ್ವರ್ ನಡೆಸುವ ಸಾಹಸ ಸಣ್ಣ ತಂಡಗಳಿಗೆ ಸಲ್ಲದು. ಹೊಸ ವಿಳಾಸದಿಂದ ಬಂದ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವೇ ಹೆಚ್ಚು. ಸುಲಭದ ದಾರಿ ಸೆಂಡ್‌ಗ್ರಿಡ್, ಮೇಲ್‌ಗನ್, ಪೋಸ್ಟ್‌ಮಾರ್ಕ್‌ನಂಥ ಮೇಲ್ ಸೇವೆಗಳದು. ಇವು ತಡೆಯನ್ನು ಮೊದಲೇ ಬಲ್ಲವು, ಅದಕ್ಕೆಂದೇ 2525 ಎಂಬ ಪೋರ್ಟನ್ನೂ ತೆರೆದಿಟ್ಟಿವೆ. ಸೆಂಡ್‌ಗ್ರಿಡ್ ಆರಿಸಿಕೊಂಡರೆ ಜ್ಯಾಂಗೊ ಹೊಂದಿಕೆ ಹೀಗಾಗುತ್ತದೆ:

```
EMAIL_HOST = "smtp.sendgrid.net"
EMAIL_PORT = 2525
EMAIL_USE_TLS = True
EMAIL_TIMEOUT = 10
```

ಇದರ ಜೊತೆಗೆ ಆ ಸೇವೆ ಕೊಡುವ ಕೀಲಿಯನ್ನು ಪಾಸ್‌ವರ್ಡ್ ಆಗಿ ಕೊಡಬೇಕು, ಕಳುಹಿಸುವ ಡೊಮೇನನ್ನು ಅಲ್ಲಿ ದೃಢೀಕರಿಸಬೇಕು. `smtp.gmail.com` ಎಂದೇ ಉಳಿಸಿ ಸಂಖ್ಯೆಯನ್ನಷ್ಟೇ 2525 ಮಾಡಿದರೆ ಆಗದು, ಜಿಮೇಲ್ ಆ ಪೋರ್ಟಿನಲ್ಲಿ ಮೇಲ್ ಸ್ವೀಕರಿಸುವುದಿಲ್ಲ. ಎಸ್‌ಎಂಟಿಪಿಯನ್ನೇ ಬಿಟ್ಟು ಸೇವೆಯ ವೆಬ್ ಎಪಿಐ ಬಳಸಿದರೆ ಪತ್ರ ಸಾಮಾನ್ಯ ವೆಬ್ ಕೋರಿಕೆಯಂತೆ 443ರಲ್ಲೇ ಹೋಗುತ್ತದೆ. ಅದನ್ನು ಮುಚ್ಚಿದರೆ ಸರ್ವರ್ ವೆಬ್ ಕೆಲಸಕ್ಕೇ ಬಾರದು, ಹಾಗಾಗಿ ಈ ದಾರಿ ಹೆಚ್ಚು ಭರವಸೆಯದು.

ಕೊನೆಯ ಸಾಲಿನ ಹತ್ತು ಸೆಕೆಂಡಿನ ಗಡುವನ್ನು ಯಾರೂ ಬಿಡಬಾರದು. ಅದಿದ್ದರೆ ಗುನಿಕಾರ್ನ್ ಕೊಲ್ಲುವ ಮೊದಲೇ ನಿಜವಾದ ದೋಷ ಲಾಗಿನಲ್ಲಿ ದಾಖಲಾಗುತ್ತದೆ. ಮೇಲ್ ಕಳಿಸುವುದನ್ನು ಪುಟದ ಕೆಲಸದಿಂದ ಬೇರ್ಪಡಿಸಿ ಹಿನ್ನೆಲೆಯ ಸರತಿಗೆ ಹಾಕಿದರೆ ನೋಂದಣಿಯೂ ತಡೆಯಿಲ್ಲದೆ ಮುಗಿಯುತ್ತದೆ. ಇನ್ನು ಹೊಸ ಸರ್ವರ್ ಹಿಡಿಯುವವರು ಹಣ ಕಟ್ಟುವ ಮೊದಲೇ ಆ ಕಂಪನಿಯ ಮೇಲ್ ಪೋರ್ಟ್ ನಿಯಮವನ್ನು ಓದಿ, ಸರ್ವರ್ ಕೈಗೆ ಬಂದ ದಿನವೇ `nc` ಸಾಲನ್ನು ಓಡಿಸಿ ನೋಡಲಿ.