ತೊಂಬತ್ತು ಪದಗಳ ಹಬ್ಬದ ಜಾಹೀರಾತು ಮೂವತ್ತಕ್ಕೆ ಇಳಿದ ಬಗೆ

ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಜಿಲ್ಲಾ ಕೇಂದ್ರಗಳ ಜಾಹೀರಾತು ಏಜೆನ್ಸಿಗಳಿಗೆ ಜವಳಿ ಅಂಗಡಿ, ಚಿನ್ನದಂಗಡಿ, ಪೀಠೋಪಕರಣದ ಮಳಿಗೆಗಳಿಂದ ಕರಡುಗಳು ಬರತೊಡಗುತ್ತವೆ. ಕೆಲವು ಲೆಟರ್‌ಹೆಡ್ ಮೇಲೆ, ಹೆಚ್ಚಿನವು ವಾಟ್ಸ್‌ಆ್ಯಪ್‌ನಲ್ಲಿ. ಅಂಗಡಿ ಯಾವುದೇ ಇರಲಿ, ಬರವಣಿಗೆಯ ಜಾಡು ಮಾತ್ರ ಬಹುತೇಕ ಒಂದೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಜವಳಿ ಅಂಗಡಿ ಇದೆ, 2025ರ ದೀಪಾವಳಿಗೆ ಅಲ್ಲಿಂದ ಹೀಗೊಂದು ಕರಡು ಬಂತು ಎಂದಿಟ್ಟುಕೊಳ್ಳೋಣ:

“ನಾಡಿನ ಸಮಸ್ತ ಗ್ರಾಹಕ ಬಾಂಧವರಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು. ಕಳೆದ ಮೂರು ದಶಕಗಳಿಂದ ತಮ್ಮೆಲ್ಲರ ಪ್ರೀತಿ, ವಿಶ್ವಾಸ ಹಾಗೂ ಸಹಕಾರದಿಂದ ಬೆಳೆದು ಬಂದಿರುವ ನಮ್ಮ ಸಂಸ್ಥೆಯು ಬೆಳಕಿನ ಹಬ್ಬದ ಈ ಶುಭ ಸಂದರ್ಭದಲ್ಲಿ ಹಿಂದೆಂದೂ ಕಂಡು ಕೇಳರಿಯದ ಭರ್ಜರಿ ಕೊಡುಗೆಗಳನ್ನು ತಮ್ಮ ಮುಂದಿಡಲು ಹರ್ಷಿಸುತ್ತದೆ. ರೇಷ್ಮೆ ಸೀರೆ, ಕಾಟನ್ ಸೀರೆ, ಡ್ರೆಸ್ ಮೆಟೀರಿಯಲ್, ಪಂಚೆ, ಶರ್ಟಿಂಗ್, ಸೂಟಿಂಗ್ ಹಾಗೂ ಮಕ್ಕಳ ಸಿದ್ಧ ಉಡುಪುಗಳ ಅಪಾರ ಸಂಗ್ರಹ ನಮ್ಮಲ್ಲಿದೆ. ಆಯ್ದ ರೇಷ್ಮೆ ಸೀರೆಗಳ ಮೇಲೆ ಶೇ. 40ರವರೆಗೆ ರಿಯಾಯಿತಿ ಇರುತ್ತದೆ. 5,000 ರೂಪಾಯಿ ಮೇಲ್ಪಟ್ಟ ಖರೀದಿಗೆ 500 ರೂಪಾಯಿ ಮೌಲ್ಯದ ಗಿಫ್ಟ್ ವೋಚರ್ ಉಚಿತವಾಗಿ ನೀಡಲಾಗುವುದು. ಸದರಿ ವೋಚರನ್ನು ಮುಂದಿನ ಖರೀದಿಯಲ್ಲಿ ಬಳಸಬಹುದು. ಈ ಕೊಡುಗೆ ಹಬ್ಬ ಮುಗಿಯುವವರೆಗೆ ಮಾತ್ರ. ಷರತ್ತುಗಳು ಅನ್ವಯ. ಆದ್ದರಿಂದ ತಾವೆಲ್ಲರೂ ಕುಟುಂಬ ಸಮೇತರಾಗಿ ಆಗಮಿಸಿ ಈ ಸುವರ್ಣಾವಕಾಶದ ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ.”

ಒಟ್ಟು ಸುಮಾರು 90 ಪದ. ರಿಯಾಯಿತಿಯ ಸುದ್ದಿ ಬರುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಪದಗಳು ಮುಗಿದಿರುತ್ತವೆ. ಪತ್ರಿಕೆಯಲ್ಲಿ ಜಾಗಕ್ಕೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು. ಅಂಗೈಯಗಲದ ಜಾಹೀರಾತಿನೊಳಗೆ ಇಷ್ಟನ್ನೂ ತುಂಬಿದರೆ ಅಕ್ಷರ ಎಷ್ಟು ಸಣ್ಣದಾಗುತ್ತದೆಂದರೆ, ಸೀರೆ ಕೊಳ್ಳಲು ಹೊರಡುವ ಹಿರಿಯ ಹೆಂಗಸರು ಕನ್ನಡಕ ಹುಡುಕಬೇಕು. ಎಫ್.ಎಂ. ರೇಡಿಯೊದಲ್ಲಿ ದರ 10 ಸೆಕೆಂಡಿನ ಲೆಕ್ಕ. ಈ ಕರಡನ್ನು ಉಸಿರು ಕಟ್ಟದೆ ಓದಿದರೆ ಮುಕ್ಕಾಲು ನಿಮಿಷವಾದರೂ ಬೇಕು.

ಆದ್ದರಿಂದ ಕತ್ತರಿ ಹಾಕುವುದು ಅನಿವಾರ್ಯ. ಎಲ್ಲಿ ಹಾಕಬೇಕು ಎಂಬುದರಲ್ಲಿಯೇ ಎಡವುವವರು ಹೆಚ್ಚು.

ಅವಸರದಲ್ಲಿದ್ದವರು ಮಾಡುವ ಕೆಲಸ ಇದು: “ರೇಷ್ಮೆ ಸೀರೆಗೆ ಶೇ. 40 ರಿಯಾಯಿತಿ! 500 ರೂ. ಉಚಿತ!” ದಪ್ಪಕ್ಷರಕ್ಕೆ ಹೇಳಿ ಮಾಡಿಸಿದ ಸಾಲು. ಆದರೆ ಅಂಗಡಿಯವರು ಕೊಡಲು ಒಪ್ಪಿದ್ದು ಇದನ್ನಲ್ಲ. ‘ಆಯ್ದ’ ಹೋಯಿತು, ‘ವರೆಗೆ’ ಹೋಯಿತು, 5,000 ರೂಪಾಯಿ ಖರೀದಿಸಬೇಕೆಂಬ ಮಾತು ಹೋಯಿತು, 500 ರೂಪಾಯಿ ಇವತ್ತಿನ ಬಿಲ್ಲಿನಲ್ಲಿ ಕಳೆಯುವುದಿಲ್ಲ ಎಂಬುದೂ ಹೋಯಿತು. ಹೊಗಳಿಕೆಯ ಜೊತೆಯಲ್ಲಿ ಷರತ್ತುಗಳೂ ಬಿದ್ದುಹೋಗಿ, ಅಂಗಡಿಯಲ್ಲಿ ಇಲ್ಲದ ಕೊಡುಗೆಯೊಂದು ಹುಟ್ಟಿಕೊಂಡಿತು. ಇಂಥ ಜಾಹೀರಾತು ಜನರನ್ನು ಅಂಗಡಿಗೆ ಕರೆತರುತ್ತದೆ, ನಿಜ. ಬಂದವರು ಕ್ಯಾಶ್ ಕೌಂಟರಿನ ಮುಂದೆ ನಿಂತು ಜಗಳಕ್ಕಿಳಿಯುತ್ತಾರೆ. ಅವರ ಸಿಟ್ಟಿನಲ್ಲಿ ತಪ್ಪೇನೂ ಇಲ್ಲ.

ಅನುಭವಿ ಕಾಪಿರೈಟರ್‌ಗಳು ಕತ್ತರಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯುತ್ತಾರೆ. ಒಂದೊಂದು ಪದಕ್ಕೂ ಕೇಳುವ ಪ್ರಶ್ನೆ ಒಂದೇ: ಇದನ್ನು ತೆಗೆದರೆ ಗ್ರಾಹಕರು ಕೊಡುವ ದುಡ್ಡು, ಬರಬೇಕಾದ ದಿನ, ಹೋಗಬೇಕಾದ ಅಂಗಡಿ, ಇವುಗಳಲ್ಲಿ ಏನಾದರೂ ಬದಲಾಗುತ್ತದೆಯೇ? ಬದಲಾಗುವುದಾದರೆ ಅಡಿಗೆರೆ. ಇಲ್ಲವಾದರೆ ಆ ಪದ ಎಷ್ಟೇ ಚೆಂದವಿದ್ದರೂ ಹೋಗಬಹುದು. ಈ ಕರಡಿನಲ್ಲಿ ಹಾಗೆ ಅಡಿಗೆರೆ ಬೀಳುವುದು ‘ಆಯ್ದ ರೇಷ್ಮೆ ಸೀರೆ’ಯಿಂದ ‘ಹಬ್ಬ ಮುಗಿಯುವವರೆಗೆ’ ತನಕದ ನಾಲ್ಕು ವಾಕ್ಯಗಳಿಗೆ ಮಾತ್ರ. ಸುಮಾರು 30 ಪದ.

ಉಳಿದದ್ದರಲ್ಲಿ ಶುಭಾಶಯದ ಸಾಲನ್ನು ಬಿಡಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ. ಹಬ್ಬದ ದಿನ ನಮಸ್ಕಾರ ಹೇಳದೆ ವ್ಯಾಪಾರದ ಮಾತೆತ್ತುವುದು ಮರ್ಯಾದೆಯಲ್ಲ ಎಂಬ ಅವರ ಭಾವನೆ ಸಹಜವಾದದ್ದೇ. ಆ ಗೌರವವನ್ನು ಮೂಲೆಯ ಹಣತೆಯ ಚಿತ್ರ, ಅದರ ಪಕ್ಕದ ‘ದೀಪಾವಳಿಯ ಶುಭಾಶಯ’ ಎಂಬ ಎರಡೇ ಪದ ಹೊರಬಲ್ಲವು. ‘ಮೂರು ದಶಕಗಳಿಂದ ತಮ್ಮೆಲ್ಲರ ಪ್ರೀತಿ ವಿಶ್ವಾಸ’ ಎಂಬ ಉದ್ದನೆಯ ಮಾತಿನೊಳಗೆ ಗಟ್ಟಿಯಾದ ಸಂಗತಿ ಇರುವುದು ಒಂದೇ, ಅಂಗಡಿಯ ವಯಸ್ಸು. ಅಂಗಡಿಯ ಹೆಸರಿನ ಕೆಳಗೆ ‘1994ರಿಂದ’ ಎಂದು ಹಾಕಿದರೆ ಸಾಕು. ಮೂವತ್ತು ವರ್ಷದ ನಂಬಿಕೆಯನ್ನು ವಿಶೇಷಣಗಳಿಗಿಂತ ಆ ಇಸವಿ ಚೆನ್ನಾಗಿ ಹೇಳುತ್ತದೆ.

ಪಂಚೆ, ಶರ್ಟಿಂಗ್, ಮಕ್ಕಳ ಉಡುಪಿನ ಪಟ್ಟಿಯಿಂದಂತೂ ನಷ್ಟವೇ ಹೆಚ್ಚು. ರಿಯಾಯಿತಿ ಇರುವುದು ರೇಷ್ಮೆ ಸೀರೆಗೆ ಮಾತ್ರ. ಪಟ್ಟಿಯ ಮುಂದಿನ ಸಾಲಿನಲ್ಲಿಯೇ ಶೇ. 40 ಎಂದು ಕಂಡರೆ, ಮಗನ ಶರ್ಟಿಗೂ ಅದೇ ರಿಯಾಯಿತಿ ಎಂದು ಓದುಗರು ಅಂದುಕೊಳ್ಳುತ್ತಾರೆ. ಪಟ್ಟಿ ಹೋದರೆ ಆ ಗೊಂದಲವೂ ಹೋಗುತ್ತದೆ.

ಇಷ್ಟು ಸುಲಭದ ಕೆಲಸ. ಉಳಿದ ನಾಲ್ಕು ವಾಕ್ಯಗಳನ್ನು ಹಿಡಿದು ಮಾಲೀಕರ ಎದುರು ಕುಳಿತಾಗ ಕಷ್ಟದ ಭಾಗ ಶುರುವಾಗುತ್ತದೆ.

“ಸಾರ್, ಆಯ್ದ ಸೀರೆ ಅಂದರೆ ಯಾವುದು?”

“ಧಾರೆ ಸೀರೆ ಬಿಟ್ಟು ಮಿಕ್ಕಿದ್ದೆಲ್ಲ.”

“ಶೇ. 40 ಎಷ್ಟು ಸೀರೆಗಿದೆ?”

“ಹೋದ ವರ್ಷದ ಸ್ಟಾಕಿಗೆ. ಹೊಸದಕ್ಕೆಲ್ಲ 15, 20 ಅಷ್ಟೇ ಕೊಡೋದು.”

ಈ ಎರಡು ಉತ್ತರಗಳಿಂದ ಕೊಡುಗೆಯ ಸಾಲೇ ಬದಲಾಗುತ್ತದೆ. ‘ಆಯ್ದ’ ಎಂದಾಗ ಯಾವ ಸೀರೆ ಎಂಬುದು ಅಂಗಡಿಯವರ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ‘ಧಾರೆ ಸೀರೆ ಬಿಟ್ಟು’ ಎಂದರೆ ಮಗಳ ಮದುವೆಗೆಂದು ತೀರ್ಥಹಳ್ಳಿಯಿಂದ ಬಸ್ಸು ಹತ್ತಬೇಕಾದವರಿಗೂ ವಿಷಯ ತಿಳಿಯುತ್ತದೆ. ‘40ರವರೆಗೆ’ ಎಂಬುದು ಮೇಲಿನ ತುದಿಯನ್ನಷ್ಟೇ ತೋರಿಸುತ್ತದೆ. ‘15ರಿಂದ 40’ ಎಂದಾಗ ಕಡಿಮೆಯೆಂದರೆ ಎಷ್ಟು ಸಿಗುತ್ತದೆ ಎಂಬುದೂ ಗೊತ್ತಾಗುತ್ತದೆ. ಪದದ ಖರ್ಚು ಹೆಚ್ಚೇನಿಲ್ಲ.

ವೋಚರಿನ ಕಥೆ ಇನ್ನೂ ತೊಡಕಿನದು. 6,000 ರೂಪಾಯಿ ಬೆಲೆಚೀಟಿ ಇರುವ ಸೀರೆಗೆ ಶೇ. 20 ಕಳೆದರೆ ಬಿಲ್ 4,800. ಅವರಿಗೆ ವೋಚರ್ ಉಂಟೋ ಇಲ್ಲವೋ? ಕರಡಿನಲ್ಲಿರುವ ‘5,000 ರೂಪಾಯಿ ಮೇಲ್ಪಟ್ಟ ಖರೀದಿ’ ಎಂಬ ಮಾತನ್ನು ಎರಡೂ ಬಗೆಯಲ್ಲಿ ಓದಬಹುದು. ಇದನ್ನು ತೀರ್ಮಾನಿಸಬೇಕಾದವರು ಮಾಲೀಕರು, ಬರೆಯುವವರಲ್ಲ. ರಿಯಾಯಿತಿ ಕಳೆದ ಮೇಲಿನ ಮೊತ್ತ ಎಂದು ಅವರು ಹೇಳಿದರೆ ‘ಖರೀದಿ’ ಹೋಗಿ ‘ಬಿಲ್’ ಬರಬೇಕು. ಇನ್ನೂ ಕೆದಕಿದರೆ, ವೋಚರನ್ನು ಜನವರಿ 15ರ ಸಂಕ್ರಾಂತಿಯೊಳಗೆ ಬಳಸಬೇಕು, ಆಗಲೂ ಬಿಲ್ 2,000 ದಾಟಿರಬೇಕು ಎಂಬ ಸಂಗತಿಗಳು ಹೊರಬರುತ್ತವೆ. ಕರಡಿನಲ್ಲಿ ಅವು ‘ಷರತ್ತುಗಳು ಅನ್ವಯ’ ಎಂಬ ಎರಡು ಪದಗಳ ಹಿಂದೆ ಅಡಗಿದ್ದವು. ಕಿರಿದಾಗಿಸಲು ಕುಳಿತವರು ಇಲ್ಲಿ ಪದಗಳನ್ನು ಸೇರಿಸಲೇಬೇಕು.

ದಿನಾಂಕವೂ ಹಾಗೆಯೇ. ‘ಹಬ್ಬ ಮುಗಿಯುವವರೆಗೆ’ ಎಂದರೆ ಯಾವತ್ತು? ಬಲಿಪಾಡ್ಯಮಿಗೆ ಮುಗಿಯಿತೆನ್ನುವವರಿದ್ದಾರೆ. ತುಳಸಿ ಪೂಜೆಯನ್ನು ಕಿರು ದೀಪಾವಳಿ ಎಂದು ಆಚರಿಸುವ ಮನೆಗಳಲ್ಲಿ ಹಬ್ಬ ಇನ್ನೂ ಸುಮಾರು ಹತ್ತು ದಿನ ನಡೆದೇ ಇರುತ್ತದೆ. 2025ರಲ್ಲಿ ಬಲಿಪಾಡ್ಯಮಿ ಬಂದದ್ದು ಅಕ್ಟೋಬರ್ 22ಕ್ಕೆ. ತಾರೀಖನ್ನು ಹಾಕಿದರೆ ಪ್ರಶ್ನೆಯೇ ಏಳದು.

ಕಡೆಗೆ ಉಳಿದದ್ದು ಇಷ್ಟು:

“ರೇಷ್ಮೆ ಸೀರೆಗೆ ಶೇ. 15ರಿಂದ 40 ರಿಯಾಯಿತಿ
ಧಾರೆ ಸೀರೆ ಬಿಟ್ಟು ಎಲ್ಲಕ್ಕೂ
ಅಕ್ಟೋಬರ್ 10ರಿಂದ 22, ಬಲಿಪಾಡ್ಯಮಿವರೆಗೆ
ಬಿಲ್ 5,000 ರೂ. ದಾಟಿದರೆ 500 ರೂ. ವೋಚರ್
ಜನವರಿ 15ರೊಳಗೆ, 2,000 ರೂ. ದಾಟುವ ಮುಂದಿನ ಬಿಲ್ಲಿಗೆ ಬಳಸಬಹುದು”

ಕೆಳಗೆ ಅಂಗಡಿಯ ಹೆಸರು, ‘1994ರಿಂದ’, ಗಾಂಧಿ ಬಜಾರ್, ಫೋನ್ ನಂಬರ್. ಕೊಡುಗೆಯ ಸಾಲುಗಳಲ್ಲಿ ಇರುವುದು ಸುಮಾರು ಮೂವತ್ತು ಪದ. ‘ಉಚಿತ’ ಎಂಬುದು ಬಿಟ್ಟುಹೋದದ್ದು ಬೇಕೆಂದೇ. 5,000 ಖರ್ಚು ಮಾಡಿ, ಮತ್ತೆ ಬಂದು 2,000 ಖರ್ಚು ಮಾಡಿದ ಮೇಲೆ ದಕ್ಕುವುದನ್ನು ಉಚಿತ ಎನ್ನುವುದು ನ್ಯಾಯವಲ್ಲ.

ಇದರಲ್ಲಿ ಕಾನೂನಿನ ಮಾತೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ದಾರಿತಪ್ಪಿಸುವ ಜಾಹೀರಾತಿನ ಸಾಲಿಗೆ ಸೇರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಇದೇ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಷರತ್ತಿನ ಸಾಲು ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು, ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು ಎನ್ನುತ್ತದೆ. ಕನ್ನಡದಲ್ಲಿ ಕೊಡುಗೆ ಸಾರಿ, ತಳದಲ್ಲಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಹಾಕುವ ಹಳೆಯ ರೂಢಿ ಈ ನಿಯಮಕ್ಕೆ ಹೊಂದುವುದಿಲ್ಲ.

ರೇಡಿಯೊಕ್ಕೆ ಬಂದಾಗ ಈ ಐದು ಸಾಲೂ ಭಾರವೇ. ಕಿವಿಗೆ ಬಿದ್ದ ಸಂಖ್ಯೆಗಳಲ್ಲಿ ಎರಡೋ ಮೂರೋ ನಿಂತರೆ ಹೆಚ್ಚು. ಇಲ್ಲಿ ಅಂಕಿಗಳೇ ಎಂಟು ಇವೆ. ಆಗ ವೋಚರಿನ ಷರತ್ತನ್ನು ಬಿಟ್ಟು ವೋಚರನ್ನು ಉಳಿಸಿಕೊಳ್ಳಬೇಕೆನಿಸುವುದು ಸಹಜ. ಅದನ್ನು ತಡೆದುಕೊಳ್ಳಬೇಕು. ಜಾಗ ಸಾಲದಾದಾಗ ಬಿಡಬೇಕಾದದ್ದು ಇಡೀ ಒಂದು ಕೊಡುಗೆಯನ್ನು, ಕೊಡುಗೆಗೆ ಅಂಟಿದ ಷರತ್ತನ್ನಲ್ಲ. “ರೇಷ್ಮೆ ಸೀರೆಗೆ ಹದಿನೈದರಿಂದ ನಲವತ್ತು ಪರ್ಸೆಂಟ್ ರಿಯಾಯಿತಿ. ಧಾರೆ ಸೀರೆಗಿಲ್ಲ. ಬಲಿಪಾಡ್ಯಮಿವರೆಗೆ, ಗಾಂಧಿ ಬಜಾರಿನಲ್ಲಿ” ಎಂದು ಅಂಗಡಿಯ ಹೆಸರು ಹೇಳಿದರೆ 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ವೋಚರಿನ ವಿಷಯ ಅಂಗಡಿಯೊಳಗಿನ ಬೋರ್ಡಿನಲ್ಲಿರಲಿ. ಬಂದವರಿಗೆ ಅದು ನಿರೀಕ್ಷಿಸದೆ ಸಿಕ್ಕ ಲಾಭವಾಗುತ್ತದೆ.

ಕತ್ತರಿಸಿದ್ದು ಸರಿಯಾಯಿತೇ ಎಂದು ತಿಳಿಯಲು ಕಾಪಿಯನ್ನು ಬಿಲ್ಲಿಂಗ್‌ನಲ್ಲಿ ಕೂರುವ ಹುಡುಗಿಯ ಕೈಗೆ ಕೊಡುವುದು ಒಳ್ಳೆಯದು. ಹಬ್ಬದ ದಟ್ಟಣೆಯಲ್ಲಿ ಗ್ರಾಹಕರ ತಕರಾರು ಕೇಳಿಸಿಕೊಳ್ಳುವವಳು ಅವಳೇ. 4,800 ರೂಪಾಯಿಯ ಬಿಲ್ ತೋರಿಸಿ ವೋಚರ್ ಕೊಡಬೇಕೇ ಎಂದು ಕೇಳಿದಾಗ ಅವಳು ಮಾಲೀಕರ ಮುಖ ನೋಡದೆ, ಜಾಹೀರಾತನ್ನೇ ಓದಿ ಉತ್ತರಿಸಿದರೆ ಸಾಲು ಸರಿಯಿದೆ. ಅವಳು ತಡವರಿಸಿದರೆ ಎಲ್ಲೋ ಒಂದು ಪದ ಹೆಚ್ಚು ಕತ್ತರಿಸಿದೆ ಎಂದರ್ಥ.

ಕೊನೆಯ ಅಪಾಯ ಇರುವುದು ಡಿಟಿಪಿಯಲ್ಲಿ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಹಳೆಯ ನುಡಿ ಫಾಂಟಿಗೆ ಬದಲಾಯಿಸುವಾಗ ರೂಪಾಯಿ ಚಿಹ್ನೆ ಮಾಯವಾಗಿ ಚೌಕಳಿಯೋ ಇನ್ನಾವುದೋ ಗುರುತೋ ಬಂದು ಕೂರುವುದುಂಟು. ಅದಕ್ಕೇ ‘ರೂ.’ ಎಂದು ಅಕ್ಷರದಲ್ಲಿ ಬರೆಯುವುದು ಕ್ಷೇಮ. 90 ಪದಗಳ ನಡುವೆ ಒಂದು ಸೊನ್ನೆ ತಪ್ಪಿದರೆ ಅಕ್ಕಪಕ್ಕದ ಮಾತಿನಿಂದ ಓದುಗರು ಊಹಿಸಿಕೊಂಡಾರು. ಐದು ಸಾಲಿನ ಜಾಹೀರಾತಿನಲ್ಲಿ ಊಹಿಸಲು ಬೇರೆ ಮಾತುಗಳೇ ಇರುವುದಿಲ್ಲ. ಪ್ರೂಫಿಗೆ ಸಹಿ ಹಾಕುವ ಮೊದಲು ಒಬ್ಬರು ಪ್ರೂಫನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮಾಲೀಕರು ಒಪ್ಪಿದ ಚೀಟಿಯಲ್ಲಿನ ಪ್ರತಿ ಅಂಕಿಗೂ ಗುರುತು ಹಾಕುತ್ತ ಹೋಗಬೇಕು: 15, 40, 10, 22, 5,000, 500, 15, 2,000.