ಸುಟ್ಟ ಮೈಯ ಮೊದಲ ದಿನದ ನೀರಿನ ಲೆಕ್ಕ

ಮೈಯ ಮೂರರಲ್ಲೊಂದು ಪಾಲು ಸುಟ್ಟವರು ಎಷ್ಟೋ ಸಲ ತಾವೇ ನಡೆದುಕೊಂಡು ಆಸ್ಪತ್ರೆಯ ಒಳಗೆ ಬರುತ್ತಾರೆ. ಹೇಗಾಯಿತೆಂದು ಹೇಳುತ್ತಾರೆ, ನೀರು ಕೇಳುತ್ತಾರೆ. ಬಿ.ಪಿ. ನೋಡಿದರೆ ಸರಿಯಾಗಿಯೇ ಇರುತ್ತದೆ. ‘ಮೇಲಿನ ಚರ್ಮ ಸುಟ್ಟಿದೆ ಅಷ್ಟೇ’ ಎಂದು ಜೊತೆಗೆ ಬಂದವರು ಸಮಾಧಾನಪಡುವುದು ಈ ಹೊತ್ತಿನಲ್ಲಿ. ಆರೆಂಟು ಗಂಟೆ ಕಳೆಯುವಷ್ಟರಲ್ಲಿ ಅದೇ ಮನುಷ್ಯನ ಕೈಕಾಲು ತಣ್ಣಗಾಗಿ, ನಾಡಿ ಓಡತೊಡಗಿ, ಮೂತ್ರ ನಿಂತೇ ಹೋಗಿರಬಹುದು.

ಬೆಂಕಿ ಆರಿದ ಮೇಲೆ ಒಳಗೆ ಶುರುವಾಗುವುದು ಸೋರಿಕೆ. ಸುಟ್ಟ ಜಾಗದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ಹಳೆಯ ಮಣ್ಣಿನ ಮಡಕೆಯಿಂದ ನೀರು ಜಿನುಗಿದ ಹಾಗೆ ರಕ್ತದ ನೀರು, ಉಪ್ಪು, ಪ್ರೋಟೀನು ಹೊರಗಿನ ಮಾಂಸಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಸುಟ್ಟ ಭಾಗ ಶೇಕಡ 20ರ ಸುತ್ತಮುತ್ತ ದಾಟಿತೆಂದರೆ ಸುಡದ ಭಾಗದ ನಾಳಗಳೂ ಸೋರುತ್ತವೆ. ಮುಖ, ಕಣ್ಣುರೆಪ್ಪೆ ಊದಿಕೊಳ್ಳುವುದು ಇದರಿಂದಲೇ. ರಕ್ತ ಎಲ್ಲೂ ಚೆಲ್ಲಿರುವುದಿಲ್ಲ, ಆದರೆ ನಾಳದೊಳಗೆ ಉಳಿದದ್ದು ಗಟ್ಟಿಯಾಗುತ್ತಾ ಹೋಗುತ್ತದೆ. 1921ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನ ರಿಯಾಲ್ಟೋ ಚಿತ್ರಮಂದಿರಕ್ಕೆ ಬೆಂಕಿ ಬಿದ್ದಾಗ, ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ ಅಂಡರ್‌ಹಿಲ್ ಗಾಯಾಳುಗಳ ಬೊಬ್ಬೆಯ ನೀರನ್ನೂ ರಕ್ತವನ್ನೂ ಪರೀಕ್ಷಿಸಿ ಈ ಸಂಗತಿಯನ್ನು ಗುರುತಿಸಿದರು. ಸುಟ್ಟ ಚರ್ಮದಿಂದ ವಿಷ ಹರಡಿ ರೋಗಿ ಸಾಯುತ್ತಾನೆ ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು.

ಸೋರಿದ್ದನ್ನು ತುಂಬಿಕೊಡಬೇಕೆಂದರೆ ಎಷ್ಟು ಸುಟ್ಟಿದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕಿರುವುದೇ ಒಂಬತ್ತರ ಲೆಕ್ಕ. ಎಡಿನ್‌ಬರೊದ ಶಸ್ತ್ರವೈದ್ಯ ಅಲೆಕ್ಸಾಂಡರ್ ವ್ಯಾಲೆಸ್ 1951ರಲ್ಲಿ ಇದನ್ನು ಬಳಕೆಗೆ ತಂದರು. ದೊಡ್ಡವರ ತಲೆ ಮತ್ತು ಕುತ್ತಿಗೆ ಸೇರಿ ಮೈಯ ಶೇಕಡ 9. ಒಂದೊಂದು ತೋಳು, ಬೆರಳ ತುದಿಯವರೆಗೆ, 9. ಎದೆ ಮತ್ತು ಹೊಟ್ಟೆ ಸೇರಿದ ಮುಂಭಾಗ 18, ಬೆನ್ನಿನಿಂದ ಪೃಷ್ಠದವರೆಗೆ 18. ಒಂದೊಂದು ಕಾಲು 18. ಜನನಾಂಗದ ಭಾಗಕ್ಕೆ 1. ಕೂಡಿದರೆ ನೂರು. ಅಲ್ಲಲ್ಲಿ ಚೆದುರಿದ ಗಾಯಕ್ಕೆ ರೋಗಿಯ ಅಂಗೈಯೇ ಅಳತೆ. ಬೆರಳು ಜೋಡಿಸಿ ಹಿಡಿದ ಪೂರ್ತಿ ಕೈಯಗಲ ಸುಮಾರು ಶೇಕಡ 1. ಅಳೆಯುವವರ ಕೈಯಲ್ಲ, ರೋಗಿಯದ್ದು. ಕೂಸುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಒಂದು ವರ್ಷದ ಮಗುವಿನ ತಲೆಯೇ ಶೇಕಡ 18ರಷ್ಟು, ಒಂದು ಕಾಲು 14ರ ಹತ್ತಿರ. ಬಿಸಿ ಸಾರಿನ ಪಾತ್ರೆಯನ್ನು ತಲೆಯ ಮೇಲೆ ಎಳೆದುಕೊಂಡ ಮಗುವನ್ನು ದೊಡ್ಡವರ ಲೆಕ್ಕದಲ್ಲಿ ಅಳೆದರೆ ಗಾಯ ಅರ್ಧಕ್ಕರ್ಧ ಚಿಕ್ಕದಾಗಿ ಕಾಣುತ್ತದೆ.

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಐವತ್ತು ಕೆ.ಜಿ. ತೂಕದ ಹೆಂಗಸು. ಬೆಳಿಗ್ಗೆ 8 ಗಂಟೆಗೆ ಒಲೆಯ ಮುಂದೆ ನೈಟಿಗೆ ಬೆಂಕಿ ಹತ್ತಿತು. ಎದೆ, ಹೊಟ್ಟೆ ಮತ್ತು ಬಲಗೈ ಪೂರ್ತಿ ಬೊಬ್ಬೆ ಎದ್ದಿದೆ, ಎಡತೊಡೆಯಲ್ಲಿ ಅವರ ಮೂರು ಅಂಗೈಯಷ್ಟು ಸುಟ್ಟಿದೆ, ಮುಖ ಕೆಂಪಾಗಿದೆ. ತಾಲೂಕು ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿ ಕಳಿಸಿದ್ದಾರೆ. ಜಿಲ್ಲಾಸ್ಪತ್ರೆ ತಲುಪಿದಾಗ ಗಂಟೆ ಹನ್ನೊಂದು.

ಮುಂಭಾಗಕ್ಕೆ 18, ಬಲಗೈಗೆ 9, ತೊಡೆಗೆ 3, ಒಟ್ಟು 30. ಮುಖ? ಬೊಬ್ಬೆಯಿಲ್ಲದೆ ಬರೀ ಕೆಂಪಾದ ಚರ್ಮವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಅಲ್ಲಿ ಹೇಳಿಕೊಳ್ಳುವಷ್ಟು ಸೋರಿಕೆ ಇಲ್ಲ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಕೆಂಪಾದದ್ದು, ಮಸಿ ಹತ್ತಿದ್ದು ಎಲ್ಲವನ್ನೂ ಕೂಡಿ 30 ಇದ್ದದ್ದನ್ನು 40 ಎಂದು ಬರೆದುಬಿಡುತ್ತಾರೆ. ಮಸಿ ಒರೆಸಿ ನೋಡಬೇಕು. ಬೊಬ್ಬೆ ಎದ್ದು ಒದ್ದೆಯಾಗಿರುವ, ಮುಟ್ಟಿದರೆ ಉರಿಯುವ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಬಿಳಿಚಿಕೊಂಡು ಅಥವಾ ಕಂದಾಗಿ ತೊಗಲಿನಂತೆ ಗಡುಸಾದ, ಮುಟ್ಟಿದರೂ ನೋವಿಲ್ಲದ ಜಾಗವೂ ಸೇರುತ್ತದೆ. ನೋವಿಲ್ಲದ ಗಾಯ ಹೆಚ್ಚು ಆಳದ್ದು. ನೋವಿನ ನರಗಳೂ ಅಲ್ಲಿ ಸುಟ್ಟಿರುತ್ತವೆ. ಟೂತ್‌ಪೇಸ್ಟು, ಇಂಕು, ಅರಿಶಿನ, ದೋಸೆ ಹಿಟ್ಟು ಬಳಿದುಕೊಂಡು ಬಂದರೆ ಈ ಬಣ್ಣ, ಈ ವ್ಯತ್ಯಾಸ ಯಾವುದೂ ಕಾಣುವುದಿಲ್ಲ. ಸೋಂಕಿನ ಮಾತು ಆಮೇಲಿನದು.

ಇನ್ನು ದ್ರವದ ಲೆಕ್ಕ. 1968ರಲ್ಲಿ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇಂದಿಗೂ ನರ್ಸಿಂಗ್ ವಿದ್ಯಾರ್ಥಿಗಳ ಬಾಯಲ್ಲಿದೆ: 4 ಮಿ.ಲೀ., ಗುಣಿಸು ಕೆ.ಜಿ. ತೂಕ, ಗುಣಿಸು ಸುಟ್ಟ ಶೇಕಡ. ನಮ್ಮ ಉದಾಹರಣೆಗೆ 4 × 50 × 30, ಅಂದರೆ 6000 ಮಿ.ಲೀ. ಅರ್ಧ ಲೀಟರಿನ ಹನ್ನೆರಡು ಬಾಟಲಿ. ಇದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ, ಉಳಿದರ್ಧ ಮುಂದಿನ 16 ಗಂಟೆಯಲ್ಲಿ. ಆ 8 ಗಂಟೆ ಎಣಿಸಬೇಕಾದದ್ದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಹಾಗಾಗಿ 3000 ಮಿ.ಲೀ. ಸಂಜೆ 4ರೊಳಗೆ ಹೋಗಬೇಕು. ತಾಲೂಕು ಆಸ್ಪತ್ರೆಯಲ್ಲಿ ಹೋದ ಒಂದು ಲೀಟರನ್ನು ಕಳೆಯಿರಿ. ಉಳಿದ 2000 ಮಿ.ಲೀ.ಗೆ ಇರುವುದು 5 ಗಂಟೆ, ಗಂಟೆಗೆ 400. ಹಿಂದೆ ಹಾಕಿದ್ದನ್ನು ಕಳೆಯದೆ ಹೋದರೆ ಇದೇ ಲೆಕ್ಕ ಗಂಟೆಗೆ 600 ತೋರಿಸುತ್ತದೆ. ಬಂದದ್ದು 11ಕ್ಕೆ ಎಂದು ಅಲ್ಲಿಂದ 8 ಗಂಟೆ ಎಣಿಸಿದರೆ 250ಕ್ಕೆ ಇಳಿಯುತ್ತದೆ.

ಜನ ಯಾವ ಬಾಟಲಿ ತೂಗುಹಾಕಿದರೂ ‘ಗ್ಲೂಕೋಸ್ ಹಾಕಿದರು’ ಎನ್ನುತ್ತಾರೆ. ಇಲ್ಲಿ ಹಾಕುವುದು ರಿಂಗರ್ ಲ್ಯಾಕ್ಟೇಟ್, ವಾರ್ಡಿನ ಮಾತಿನಲ್ಲಿ ಆರ್‌ಎಲ್. ಅದರ ಉಪ್ಪಿನಂಶ ರಕ್ತದ ನೀರಿಗೆ ಹತ್ತಿರವಾದದ್ದು. ದೊಡ್ಡವರಿಗೆ ಈ ಹೊತ್ತಿನಲ್ಲಿ ಗ್ಲೂಕೋಸ್ ಸುರಿದರೆ ಸಕ್ಕರೆ ಏರಿ, ಅದು ನೀರನ್ನೂ ಎಳೆದುಕೊಂಡು ಮೂತ್ರವಾಗಿ ಹೋಗುತ್ತದೆ. ದ್ರವ ಸಾಲದಿದ್ದರೂ ಮೂತ್ರ ಚೆನ್ನಾಗಿ ಬರುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಚಿಕ್ಕ ಮಕ್ಕಳ ವಿಷಯ ಬೇರೆ. ಅವರಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಹಾಗಾಗಿ ಆರ್‌ಎಲ್ ಜೊತೆಗೆ ದಿನನಿತ್ಯದ ಅಗತ್ಯದಷ್ಟು ಗ್ಲೂಕೋಸ್ ಇರುವ ದ್ರವವನ್ನೂ ಕೊಡುತ್ತಾರೆ.

ಈ ಸೂತ್ರಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಗೌರವ ಸಂದಿದೆ ಎಂಬುದು ನನ್ನ ಅನಿಸಿಕೆ. ಅದು ಹೇಳುವುದು ಎಲ್ಲಿಂದ ಶುರು ಮಾಡಬೇಕೆಂದು ಮಾತ್ರ. ಹನ್ನೆರಡು ಬಾಟಲಿ ಎಂದು ಬರೆದಿದೆಯೆಂದು ಹನ್ನೆರಡನ್ನೂ ಖಾಲಿ ಮಾಡಿದರೆ ಅಪಾಯ ಇನ್ನೊಂದು ಬದಿಯಿಂದ ಬರುತ್ತದೆ. ಹೆಚ್ಚಾದ ನೀರು ಸೋರುವ ನಾಳಗಳಿಂದ ಹೊರಬಿದ್ದು ಶ್ವಾಸಕೋಶ ಒದ್ದೆಯಾಗುತ್ತದೆ, ಗಾಯ ಊದಿ ಇನ್ನೂ ಆಳವಾಗುತ್ತದೆ, ಹೊಟ್ಟೆ ಬಿಗಿದು ಮೂತ್ರಪಿಂಡಕ್ಕೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಆಗಲೂ ಮೂತ್ರ ನಿಲ್ಲುತ್ತದೆ. ನೀರು ಸಾಲದೆಂದು ತಿಳಿದು ಮತ್ತಷ್ಟು ಹಾಕಿದರೆ ಕಥೆ ಮುಗಿಯಿತು. ಇದೇ ಕಾರಣಕ್ಕೆ ಈಗ ಅನೇಕ ಕಡೆ ದೊಡ್ಡವರಿಗೆ 4ರ ಬದಲು 2 ಮಿ.ಲೀ.ನಿಂದ ಶುರುಮಾಡಿ, ರೋಗಿಯ ಮೈ ಹೇಗೆ ಉತ್ತರಿಸುತ್ತದೆ ಎಂದು ನೋಡಿಕೊಂಡು ಏರಿಸುತ್ತಾರೆ.

ಆ ಉತ್ತರ ಬರುವುದು ಯೂರಿನ್ ಬ್ಯಾಗಿನಲ್ಲಿ. ದೊಡ್ಡವರಿಗೆ ಗಂಟೆಗೆ ಕೆ.ಜಿ.ಗೆ ಅರ್ಧ ಮಿ.ಲೀ., ಸಾಮಾನ್ಯವಾಗಿ 30ರಿಂದ 50 ಮಿ.ಲೀ. ಮೂತ್ರ ಬರಬೇಕು. ಮಕ್ಕಳಿಗೆ ಕೆ.ಜಿ.ಗೆ ಸುಮಾರು 1 ಮಿ.ಲೀ. ಗಂಟೆಗಂಟೆಗೂ ಅಳೆದು ಬರೆಯುವವರು ಸಿಸ್ಟರ್. ನಮ್ಮ ರೋಗಿಗೆ 12 ಗಂಟೆಗೆ 15, ಒಂದು ಗಂಟೆಗೆ 12 ಮಿ.ಲೀ. ಬಂತೆನ್ನಿ. ಮೊದಲು ಕ್ಯಾಥೆಟರ್ ಮಡಚಿದೆಯೇ, ಕಟ್ಟಿದೆಯೇ ನೋಡಬೇಕು. ಅದು ಸರಿಯಿದ್ದರೆ ವೈದ್ಯರಿಗೆ ತಿಳಿಸಿ ಡ್ರಿಪ್ಪಿನ ವೇಗವನ್ನು ನಾಲ್ಕರಲ್ಲೊಂದು ಪಾಲಿನಷ್ಟು ಏರಿಸಿ, 400 ಇದ್ದದ್ದನ್ನು 500 ಮಾಡುತ್ತಾರೆ. ಸಂಜೆಯ ಹೊತ್ತಿಗೆ ಗಂಟೆಗೆ 90 ಬರುತ್ತಿದ್ದರೆ ಖುಷಿಪಡುವಂತಿಲ್ಲ, ಇಳಿಸಬೇಕು. ಬಿ.ಪಿ.ಯನ್ನು ನೆಚ್ಚಿ ಕೂರುವಂತಿಲ್ಲ. ವಯಸ್ಸು ಚಿಕ್ಕದಾದಷ್ಟೂ ಅದು ಕೊನೆಯವರೆಗೆ ಸರಿಯಿರುವಂತೆ ತೋರಿ ಒಮ್ಮೆಲೇ ಕುಸಿಯುತ್ತದೆ. ವಿದ್ಯುತ್ ಶಾಕ್ ಹೊಡೆದವರಲ್ಲಿ ಒಂಬತ್ತರ ಲೆಕ್ಕವೇ ಮೋಸ: ಹೊರಗೆ ಎರಡು ಸಣ್ಣ ಗಾಯ, ಒಳಗೆ ಮಾಂಸಖಂಡ ಬೆಂದಿರುತ್ತದೆ. ಕಾಫಿ ಬಣ್ಣದ ಮೂತ್ರ ಬಂದರೆ ಅದರ ಗುರುತು, ಆಗ ದೊಡ್ಡವರಿಗೆ ಗಂಟೆಗೆ 75ರಿಂದ 100 ಮಿ.ಲೀ. ಮೂತ್ರ ಬರುವಷ್ಟು ದ್ರವ ಬೇಕು.

ಇಷ್ಟೆಲ್ಲಕ್ಕೂ ಮೊದಲು ನೋಡುವುದು ಉಸಿರು. ಮುಚ್ಚಿದ ಕೋಣೆಯಲ್ಲಿ ಸುಟ್ಟವರ ಮೂಗಿನ ಕೂದಲು ಕರಕಲಾಗಿದ್ದರೆ, ಕಫದಲ್ಲಿ ಮಸಿ ಇದ್ದರೆ, ದನಿ ಒಡೆದಿದ್ದರೆ ಗಂಟಲು ಒಳಗೇ ಊದುತ್ತಿದೆ ಎಂದು ತಿಳಿಯಬೇಕು. ದ್ರವ ಹೋದಂತೆಲ್ಲ ಊತ ಹೆಚ್ಚುತ್ತದೆ. ಬೆಳಿಗ್ಗೆ ಗೊಗ್ಗರು ದನಿಯಲ್ಲಿ ಮಾತಾಡಿದವರಿಗೆ ಸಂಜೆ ಟ್ಯೂಬ್ ಹಾಕಲು ದಾರಿಯೇ ಉಳಿದಿರುವುದಿಲ್ಲ, ಆದ್ದರಿಂದ ವೈದ್ಯರು ಮೊದಲೇ ಹಾಕಿಬಿಡುತ್ತಾರೆ. ತಲೆಯ ಕಡೆ ಎತ್ತರಿಸಿ ಮಲಗಿಸುವುದು, ಆಕ್ಸಿಜನ್ ಕೊಡುವುದು, ಗಂಟೆಗೊಮ್ಮೆ ಮಾತಾಡಿಸಿ ದನಿ ಕೇಳುವುದು ಸಿಸ್ಟರ್ ಕೆಲಸ.

ಬಳೆ, ಉಂಗುರ, ಕಾಲುಂಗುರ, ಕರಿಮಣಿ ಎಲ್ಲವನ್ನೂ ಕೂಡಲೇ ತೆಗೆಯಬೇಕು. ಕಾಲುಂಗುರ ತೆಗೆಯಲು ಒಪ್ಪದ ಮನೆಯವರಿರುತ್ತಾರೆ. ಊತ ಬಂದ ಮೇಲೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಅಷ್ಟರಲ್ಲಿ ಬೆರಳಿಗೂ ಪೆಟ್ಟಾಗಿರುತ್ತದೆ ಎಂದು ಬಿಡಿಸಿ ಹೇಳಬೇಕು. ತೋಳಿನ ಸುತ್ತ ಪೂರ್ತಿ ಆಳವಾಗಿ ಸುಟ್ಟಿದ್ದರೆ ಆ ಗಡುಸು ಚರ್ಮವೇ ಬಳೆಯಂತೆ ಬಿಗಿಯುತ್ತದೆ. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಗಂಟೆಗೊಮ್ಮೆ ಬೆರಳಿನ ಬಣ್ಣ, ಬಿಸುಪು, ಜೋಮು, ಮಣಿಕಟ್ಟಿನ ನಾಡಿ ನೋಡುತ್ತಿರಬೇಕು. ಬೆರಳು ತಣ್ಣಗಾಗಿ ಜೋಮು ಹಿಡಿದರೆ ವೈದ್ಯರು ಆ ಚರ್ಮವನ್ನು ಉದ್ದಕ್ಕೆ ಸೀಳಿ ಬಿಗಿತ ಬಿಡಿಸುತ್ತಾರೆ.

ನೋವಿನ ಇಂಜೆಕ್ಷನ್ ರಕ್ತನಾಳಕ್ಕೇ ಕೊಡಬೇಕು, ಸ್ವಲ್ಪಸ್ವಲ್ಪವಾಗಿ. ರಕ್ತಸಂಚಾರ ಕುಗ್ಗಿದಾಗ ಸೊಂಟಕ್ಕೆ ಚುಚ್ಚಿದ್ದು ಅಲ್ಲೇ ನಿಂತು, ದ್ರವ ತುಂಬಿದ ಮೇಲೆ ಒಟ್ಟಿಗೇ ಏರಿ ಉಸಿರನ್ನು ತಗ್ಗಿಸಬಹುದು. ಮೈ ಬೆಚ್ಚಗಿಡುವುದೂ ಅಷ್ಟೇ ಮುಖ್ಯ, ಚರ್ಮ ಹೋದವರು ಫ್ಯಾನಿನ ಕೆಳಗೆ ಬೇಗ ತಣ್ಣಗಾಗುತ್ತಾರೆ. ಟಿ.ಟಿ. ಇಂಜೆಕ್ಷನ್ ಉಂಟು, ಮೊದಲ ದಿನವೇ ಎಲ್ಲರಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ. ಬಾಯಾರಿಕೆ ಎಂದು ಚೊಂಬುಗಟ್ಟಲೆ ಬರೀ ನೀರು ಕುಡಿಸಿದರೆ ವಾಂತಿಯಾಗುತ್ತದೆ, ರಕ್ತದ ಉಪ್ಪೂ ಇಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ. ಸುಟ್ಟ ಜಾಗಕ್ಕೆ ನಲ್ಲಿಯ ತಣ್ಣೀರು 20 ನಿಮಿಷ ಹರಿಸುವುದು. ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಐಸ್ ಬೇಡ. ಗಾಯ ದೊಡ್ಡದಾಗಿದ್ದರೆ, ಮಕ್ಕಳಾಗಿದ್ದರೆ ನಡುಕ ಬರುವ ಮುಂಚೆ ನಿಲ್ಲಿಸಿ, ಒಗೆದ ಹತ್ತಿ ಬಟ್ಟೆ ಮುಚ್ಚಿ, ಮೇಲೊಂದು ಕಂಬಳಿ ಹೊದೆಸಿ ಹೊರಡುವುದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಚೀಟಿಯಲ್ಲಿ ಸುಟ್ಟ ಗಂಟೆ, ತೂಕ, ಹಾಕಿದ ಬಾಟಲಿಯ ಹೆಸರು ಮತ್ತು ಎಣಿಕೆ, ಬಂದ ಮೂತ್ರದ ಅಳತೆ ಇದೆಯೇ ಎಂದು ಜೊತೆಯಲ್ಲಿ ಹೋಗುವವರು ಕೇಳಿ ಬರೆಸಿಕೊಳ್ಳಬೇಕು.